ತೋಟದ ಮಾಲೀಕರೆದುರು ನನ್ನ ಮೊದಲ ಒಂದು ನಿಮಿಷ

ಕೊಡಗಿನ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಮತ್ತು ಪಂಪ್ ಮಾರುವುದು ನನ್ನ ಕೆಲಸ. ಮೊದಲ ಎರಡು ವರ್ಷ ನಾನು ಯಾವ ಮನೆಗೆ ಹೋದರೂ ನಮ್ಮ ಕಂಪನಿ ಯಾವಾಗ ಆರಂಭವಾಯಿತು, ಎಷ್ಟು ಶಾಖೆಗಳಿವೆ ಎಂಬುದರಿಂದಲೇ ಮಾತು ತೆಗೆಯುತ್ತಿದ್ದೆ. ಸಿದ್ದಾಪುರದ ಸಮೀಪದ ಹಿರಿಯ ಬೆಳೆಗಾರರೊಬ್ಬರು ಅದನ್ನು ಅರ್ಧಕ್ಕೇ ತಡೆದು, "ನಮ್ಮ ಕೆರೆ ನೋಡಿಕೊಂಡು ಬಂದಿರಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಭೇಟಿ ಅಲ್ಲಿಗೇ ಮುಗಿಯಿತು.

ಆಮೇಲೆ ಪರಿಚಯವನ್ನು ಮಾಲೀಕರ ತೋಟದ ಕಡೆಯಿಂದ ಕಟ್ಟತೊಡಗಿದೆ. ನಿಧಾನವಾಗಿ ಮಾತನಾಡಿದರೆ ಒಂದು ನಿಮಿಷದಲ್ಲಿ ನನಗೆ ಎಂಬತ್ತು ಪದಗಳಷ್ಟೇ ಹಿಡಿಯುತ್ತವೆ. ಆದ್ದರಿಂದ ಬರೆದುಕೊಂಡು, ಗಡಿಯಾರ ಇಟ್ಟು, ಜೋರಾಗಿ ಓದಿ ನೋಡುತ್ತೇನೆ. ಕಳೆದ ಜನವರಿಯಲ್ಲಿ 40 ಎಕರೆ ರೊಬಸ್ಟಾ ಕಾಫಿ ತೋಟವೊಂದರಲ್ಲಿ ಹೇಳಿದ್ದು ಹೀಗಿತ್ತು:

"ನಮಸ್ಕಾರ ಸರ್. ನಾನು ಗೋಣಿಕೊಪ್ಪದವನು, ಒಂಬತ್ತು ವರ್ಷದಿಂದ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದೇನೆ. ನಿಮ್ಮ ಹಾಗೆ ಇಳಿಜಾರಿನಲ್ಲಿರುವ, ಒಂದೇ ಕೆರೆಯನ್ನು ನಂಬಿದ ತೋಟವೊಂದರಲ್ಲಿ ಹೂವಿಗೆ ನೀರು ಕೊಡಲು 20 ದಿನ ಹಿಡಿಯುತ್ತಿತ್ತು; ಪೈಪಿನ ಅಳತೆ ಬದಲಿಸಿ 12 ದಿನಕ್ಕೆ ತಂದೆವು. ಆ ತೋಟದವರು ಒಪ್ಪಿಗೆ ಕೊಟ್ಟಿದ್ದಾರೆ, ನೀವೇ ಅವರನ್ನು ಕೇಳಬಹುದು. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು 1 ಲಕ್ಷ ಲೀಟರ್, ನಿಮ್ಮ 40 ಎಕರೆಗೆ 40 ಲಕ್ಷ. ಕೆರೆಯಲ್ಲಿ ಅಷ್ಟು ನೀರಿಲ್ಲದಿದ್ದರೆ ನನ್ನ ಪೈಪಿನಿಂದ ಉಪಯೋಗವಿಲ್ಲ. ಫೆಬ್ರವರಿ ಕೊನೆಗೆ ಎಷ್ಟು ನಿಲ್ಲುತ್ತದೆ ಸರ್?"

ಇದರಲ್ಲಿ ನಂಬಿಕೆ ಹುಟ್ಟಿಸುವುದು ಒಂಬತ್ತು ವರ್ಷ ಎಂಬ ಮಾತಲ್ಲ, ನನ್ನ ವಸ್ತು ಎಲ್ಲಿ ಕೆಲಸಕ್ಕೆ ಬಾರದು ಎಂದು ನಾನೇ ಮೊದಲು ಹೇಳುವುದು ಎಂಬುದು ನನ್ನ ಅಭಿಪ್ರಾಯ. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷ ಫಸಲು ಕಳೆದುಕೊಂಡವರಿಗೆ ನೀರಿನ ಲೆಕ್ಕ ನಮಗಿಂತ ಚೆನ್ನಾಗಿ ತಿಳಿದಿರುತ್ತದೆ. ಅದನ್ನು ಮರೆಮಾಚಿದರೆ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಹಳೆಯ ಗ್ರಾಹಕರ ಹೆಸರು ಎತ್ತುವಾಗ ಒಮ್ಮೆ ಎಡವಿದ್ದೇನೆ. ಪಕ್ಕದ ಊರಿನ ಮನೆತನವೊಂದರ ಹೆಸರನ್ನು ಹೆಮ್ಮೆಯಿಂದ ಹೇಳಿದೆ. ಆ ಮನೆತನಕ್ಕೂ ನಾನು ಕೂತಿದ್ದ ಮನೆಗೂ ತೋಡಿನ ನೀರಿನ ವಿಚಾರದಲ್ಲಿ ವ್ಯಾಜ್ಯವಿತ್ತು. ಈಗ ಮೊದಲು ತೋಟದ ಸ್ವರೂಪ ಮಾತ್ರ ಹೇಳಿ, ಅವರು ಕೇಳಿದರಷ್ಟೇ ಹೆಸರು ಹೇಳುತ್ತೇನೆ.

ಪರಿಚಯ ನಾಟಿತೋ ಇಲ್ಲವೋ ಎಂಬುದು ಅವರ ಮೊದಲ ಪ್ರಶ್ನೆಯಲ್ಲೇ ತಿಳಿಯುತ್ತದೆ. "ರೇಟ್ ಎಷ್ಟು?" ಎಂದರೆ ನಾನಿನ್ನೂ ಅವರಿಗೆ ಬರೀ ಮಾರುವವನು. ಜನವರಿಯ ಆ ದಿನ ಮಾಲೀಕರು ದರ ಕೇಳಲಿಲ್ಲ. ತೋಟದ ಲೆಕ್ಕ ನೋಡುವ ರೈಟರನ್ನು ಕರೆದು, ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು, ಕೆರೆಯ ಕಲ್ಲುಕಟ್ಟೆಯ ಮೇಲೆ ಹಿಂದಿನ ಬೇಸಿಗೆಯ ನೀರು ಬಿಟ್ಟಿದ್ದ ಗುರುತನ್ನು ತೋರಿಸಲು ನನ್ನನ್ನು ಕರೆದುಕೊಂಡು ಹೊರಟರು.