ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟಿದೆ? ಪೊಟ್ಟಣದ ಹಿಂಬದಿ ಓದುವ ಬಗೆ

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಆದರೂ ಸಂಜೆಯ ಚಹಾಕ್ಕೆ ಎರಡು ಬಿಸ್ಕತ್ತು ಬೇಕು. ‘ಮೈದಾದ್ದು ಬೇಡಮ್ಮ, ರಾಗಿಯದ್ದು ತಾ’ ಎಂದರು. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಪೊಟ್ಟಣದ ಮುಂಬದಿಯ ತುಂಬ ರಾಗಿ ತೆನೆಗಳ ಚಿತ್ರವಿತ್ತು. ಹಿಂಬದಿಯ ಅಕ್ಷರಗಳು ಮಾತ್ರ ಎಳ್ಳುಕಾಳಿಗಿಂತ ಸಣ್ಣವು. ಫೋಟೊ ತೆಗೆದು ಹಿಗ್ಗಿಸಿ ಓದದೆ ಬೇರೆ ದಾರಿಯಿರಲಿಲ್ಲ.

ಮೊದಲು ಫೋಟೊ ಸರಿಯಾಗಿ ಬರಬೇಕು. ಹೊಳೆಯುವ ಪೊಟ್ಟಣಕ್ಕೆ ಫ್ಲ್ಯಾಶ್ ಹಾಕಿದರೆ ಅಕ್ಷರಗಳ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಫ್ಲ್ಯಾಶ್ ಆರಿಸಿ, ಸುಕ್ಕನ್ನು ಎರಡು ಬೆರಳುಗಳಿಂದ ಎಳೆದು ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ಪೊಟ್ಟಣವನ್ನು ತುಸು ವಾಲಿಸಿ. ಇಡೀ ಹಿಂಬದಿಯದ್ದೊಂದು, ಪದಾರ್ಥಗಳ ಪಟ್ಟಿಯದ್ದೇ ಇನ್ನೊಂದು, ಹೀಗೆ ಎರಡು ಚಿತ್ರ ತೆಗೆದುಕೊಳ್ಳಿ. ಪಟ್ಟಿಯ ಸಾಲು ಬೆಸುಗೆಯ ಅಂಚಿನಲ್ಲಿ ಮಡಚಿಕೊಂಡಿದ್ದರೆ ಅಲ್ಲಿ ಒಂದು ಪದಾರ್ಥವೇ ಕಣ್ಣು ತಪ್ಪಿ ಹೋಗಬಹುದು.

ನನ್ನ ಫೋಟೊದಲ್ಲಿದ್ದ ಪಟ್ಟಿ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ಮೈದಾ 46%, ಸಕ್ಕರೆ, ತಾಳೆ ಎಣ್ಣೆ, ರಾಗಿ ಹಿಟ್ಟು 9%, ಇನ್ವರ್ಟ್ ಸಿರಪ್, ಹಾಲಿನ ಪುಡಿ, ಉಬ್ಬಿಸುವ ವಸ್ತುಗಳು [503(ii), 500(ii)], ಉಪ್ಪು, ಎಮಲ್ಸಿಫೈಯರ್ [322, 471], ಬಣ್ಣ [150d], ಹಿಟ್ಟು ಹದಗೊಳಿಸುವ ವಸ್ತು [223].

ಈ ಪಟ್ಟಿಯ ಕೀಲಿಕೈ ಅದರ ಅನುಕ್ರಮ. ತಯಾರಿಸುವಾಗ ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ಎಲ್ಲದಕ್ಕೂ ಶೇಕಡಾ ಕೊಟ್ಟಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಸಕ್ಕರೆ ಮತ್ತು ಎಣ್ಣೆ ರಾಗಿಗಿಂತ ಮೊದಲು ಬಂದಿವೆ. ಅಂದರೆ ಅವೆರಡೂ ತಲಾ 9%ಕ್ಕಿಂತ ಕಡಿಮೆ ಇರಲಾರವು. ಮೈದಾ ಮತ್ತು ರಾಗಿ ಸೇರಿ 55% ಆಯಿತು. ಉಳಿದ 45%ರ ದೊಡ್ಡ ಪಾಲು ಸಕ್ಕರೆ, ಎಣ್ಣೆಯದ್ದೇ ಎಂಬುದನ್ನು ಪಕ್ಕದ ಪೋಷಕಾಂಶಗಳ ಕೋಷ್ಟಕ ಖಚಿತಪಡಿಸಿತು: 100 ಗ್ರಾಂಗೆ ಸೇರಿಸಿದ ಸಕ್ಕರೆ 24 ಗ್ರಾಂ, ಕೊಬ್ಬು 19 ಗ್ರಾಂ. ಇನ್ವರ್ಟ್ ಸಿರಪ್ ಕೂಡ ಸಕ್ಕರೆಯೇ. ಲಿಕ್ವಿಡ್ ಗ್ಲೂಕೋಸ್‌ ಎಂದಿದ್ದರೆ ಅದೂ ಅಷ್ಟೆ. ಸಕ್ಕರೆ ಹೀಗೆ ಹಲವು ಹೆಸರುಗಳಲ್ಲಿ ಹಂಚಿಹೋದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ಎಣಿಸಿ. 75 ಗ್ರಾಂನ ಆ ಪೊಟ್ಟಣಕ್ಕೆ ಬಿದ್ದ ರಾಗಿ ಸುಮಾರು 7 ಗ್ರಾಂ, ಅಂದರೆ ಒಂದು ಮುದ್ದೆಗೆ ಹಿಡಿಯುವ ಹಿಟ್ಟಿನ ಹತ್ತರಲ್ಲೊಂದು ಪಾಲಿನಷ್ಟು.

ಇನ್ನು ಆವರಣದೊಳಗಿನ ಅಂಕಿಗಳು. ಇವು ಆಹಾರಕ್ಕೆ ಬೆರೆಸುವ ಬಣ್ಣ, ಸಂರಕ್ಷಕಗಳಂಥ ವಸ್ತುಗಳನ್ನು ಗುರುತಿಸುವ ಐಎನ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಖ್ಯೆಗಳು. ಅಂಕಿಗೆ ಮೊದಲು ಅದರ ಹಿಂದಿರುವ ವರ್ಗದ ಹೆಸರನ್ನು ಓದಿ. ಅದು ಏತಕ್ಕೆ ಸೇರಿದೆಯೆಂದು ಹೇಳುವುದು ಆ ಹೆಸರೇ. ಫೋಟೊ ಮಸುಕಾದಾಗ ಅದೇ ಆಸರೆ ಕೂಡ. ನನ್ನ ಕಣ್ಣಿಗೆ ಮೊದಲು 322 ಎನ್ನುವುದು 332 ಎಂದು ಕಂಡಿತ್ತು. 332 ಪೊಟ್ಯಾಸಿಯಂ ಸಿಟ್ರೇಟ್, ಹುಳಿಯನ್ನು ಹತೋಟಿಯಲ್ಲಿಡುವ ವಸ್ತು. ಎಣ್ಣೆ ನೀರು ಬೆರೆಸುವ ಎಮಲ್ಸಿಫೈಯರ್ ಸಾಲಿನಲ್ಲಿ ನಿರೀಕ್ಷಿಸಬೇಕಾದದ್ದು 322, ಲೆಸಿಥಿನ್. ಮತ್ತೆ ಹಿಗ್ಗಿಸಿ ನೋಡಿದರೆ ಅದೇ ಆಗಿತ್ತು. ಬಣ್ಣಗಳ ಅಂಕಿಗಳು ಸಾಮಾನ್ಯವಾಗಿ 100ರಿಂದ 199ರೊಳಗೆ ಇರುತ್ತವೆ, ಆದರೆ ಅಲ್ಲಿಯೂ 102 ಮತ್ತು 120 ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಮೊದಲನೆಯದು ಟಾರ್ಟ್ರಜೀನ್ ಎಂಬ ಕೃತಕ ಹಳದಿ, ಎರಡನೆಯದು ಕೀಟದಿಂದ ತೆಗೆದ ಕೆಂಪು.

ಅಂಕಿ ಕಂಡೊಡನೆ ವಿಷವೆಂದು ಬೆಚ್ಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 500(ii) ನಮ್ಮ ಅಡುಗೆ ಸೋಡಾ. 503(ii) ಅಮೋನಿಯಂ ಬೈಕಾರ್ಬೋನೇಟ್. ಒಲೆಯ ಬಿಸಿಗೆ ಅನಿಲವಾಗಿ ಹಾರಿಹೋಗಿ ಬಿಸ್ಕತ್ತನ್ನು ಗರಿಗರಿ ಮಾಡುತ್ತದೆ. ಬೇರೆ ಪೊಟ್ಟಣಗಳಲ್ಲಿ ಸಿಗುವ 330 ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. ಈ ಪಟ್ಟಿಯಲ್ಲಿ ನನ್ನನ್ನು ತಡೆದದ್ದು ಬೇರೆ ಎರಡು. 150d ಎಂದರೆ ಸಕ್ಕರೆಯನ್ನು ಅಮೋನಿಯ ಮತ್ತು ಸಲ್ಫೈಟ್ ಸಂಯುಕ್ತಗಳೊಡನೆ ಕಾಯಿಸಿ ಮಾಡುವ ಕ್ಯಾರಮೆಲ್ ಬಣ್ಣ, ಕೋಲಾ ಪಾನೀಯಗಳಿಗೂ ಹಾಕುವಂಥದ್ದು. ರಾಗಿಯದೆಂದು ನಾನು ನಂಬಿದ್ದ ಕಂದು ಬಣ್ಣದಲ್ಲಿ ಅದರ ಕೈವಾಡವೂ ಇತ್ತು. ಇನ್ನೊಂದು 223, ಸೋಡಿಯಂ ಮೆಟಾಬೈಸಲ್ಫೈಟ್. ಸಲ್ಫೈಟ್ ಆಗದ ಕೆಲವು ಅಸ್ತಮಾ ರೋಗಿಗಳಿಗೆ ಇದು ಉಸಿರಾಟದ ತೊಂದರೆ ತರಬಹುದು. ಅಂಥವರು ಮನೆಯಲ್ಲಿದ್ದರೆ 220ರಿಂದ 228ರವರೆಗಿನ ಅಂಕಿಗಳನ್ನು ಹುಡುಕಿ. ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಗೋಧಿ, ಹಾಲು, ಸೋಯಾ ಎಂದು ಅಲರ್ಜಿಕಾರಕಗಳನ್ನು ಹೇಳುವ ಸಾಲನ್ನೂ ಬಿಡಬೇಡಿ. 322 ಸೋಯಾದ್ದೋ ಅಲ್ಲವೋ ಎಂಬುದು ಅಂಕಿಯಿಂದ ತಿಳಿಯದು, ಆ ಸಾಲಿನಿಂದ ತಿಳಿಯುತ್ತದೆ.

ಒಂದು ವಸ್ತು ಎಷ್ಟು ಬಿದ್ದಿದೆ ಎಂಬುದನ್ನೂ ಅಂಕಿ ಹೇಳುವುದಿಲ್ಲ. ಉಪ್ಪಿನ ನಂತರ ಬಂದದ್ದು ಉಪ್ಪಿಗಿಂತ ಹೆಚ್ಚಿರಲಾರದು ಎಂದಷ್ಟೇ ಲೆಕ್ಕ ಹಾಕಬಹುದು. ಮನೆಗೆ ಬಂದು ಅತ್ತೆಯವರಿಗೆ ಫೋಟೊ ತೋರಿಸಿ ಒಂದೊಂದೇ ಸಾಲು ಓದಿ ಹೇಳಿದೆ. ‘24 ಗ್ರಾಂ’ ಎಂಬಲ್ಲಿ ತಡೆದು, ಅದನ್ನು ಇನ್ನೊಮ್ಮೆ ಓದಿಸಿಕೊಂಡರು.