ಯರ್ರಿಸ್ವಾಮಿಯ ಎರಡು ವೈ: ಹೆಸರಿನಿಂದ ಡೆಸ್ಟಿನಿ, ಸೋಲ್ ಅರ್ಜ್ ಸಂಖ್ಯೆ ತೆಗೆಯುವುದು ಹೇಗೆ?

ಹೆಸರಿನ ಎಲ್ಲ ಇಂಗ್ಲಿಷ್ ಅಕ್ಷರಗಳ ಮೊತ್ತ ಡೆಸ್ಟಿನಿ ಸಂಖ್ಯೆ. ಬರೀ ಸ್ವರಗಳ ಮೊತ್ತ ಸೋಲ್ ಅರ್ಜ್, ಅಂದರೆ ಮನದಾಳದ ಬಯಕೆಯ ಸಂಖ್ಯೆ. ಉಳಿದ ವ್ಯಂಜನಗಳದ್ದು ಪರ್ಸನಾಲಿಟಿ ಸಂಖ್ಯೆ. ಹುಟ್ಟಿದ ತಾರೀಖಿನಿಂದ ತೆಗೆಯುವ ಸಂಖ್ಯೆಯೇ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ. ಇದು ನಂಬಿಕೆಯ ಪದ್ಧತಿ, ವಿಜ್ಞಾನದ ಪುರಾವೆ ಇದಕ್ಕಿಲ್ಲ. ಆದರೂ ನೋಡುವುದಾದರೆ ಲೆಕ್ಕವಂತೂ ತಪ್ಪಬಾರದು.

ಮೊದಲು ಹೆಸರು. ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಪೂರ್ತಿ ಬರೆದುಕೊಳ್ಳಿ. ಮನೆಯಲ್ಲಿ ಕರೆಯುವ ಹೆಸರು ಬೇಡ. ಬಳ್ಳಾರಿ ಸೀಮೆಯಲ್ಲಿ ಸಾಮಾನ್ಯವಾದ ಯರ್ರಿಸ್ವಾಮಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಅದರ ಮೊದಲಿಗೆ ಊರಿನ ಹೆಸರು ಕಂಪ್ಲಿ ಸೇರಿದೆ ಎಂದಿಟ್ಟುಕೊಳ್ಳಿ.

ಆಮೇಲೆ ಪೈಥಾಗೊರಸ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಈ ಪಟ್ಟಿ ನೋಡಿ ಅಂಕಿ ಹಾಕಿ.

```
1 A J S    2 B K T    3 C L U
4 D M V    5 E N W    6 F O X
7 G P Y    8 H Q Z    9 I R
```

ನಿಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ಒಂದು ಅಕ್ಷರಕ್ಕೂ 9 ಇಲ್ಲದಿದ್ದರೆ ಅದು ಕಾಲ್ಡಿಯನ್ ಪಟ್ಟಿ. ನಮ್ಮ ಕಡೆ ಅದೂ ಬಹಳ ಬಳಕೆಯಲ್ಲಿದೆ. ಯಾವುದಾದರೂ ಒಂದನ್ನು ಹಿಡಿಯಿರಿ. ಒಂದರಿಂದ ಅಂಕಿ ತೆಗೆದು ಇನ್ನೊಂದರ ಫಲ ಓದಿದರೆ ಎರಡೂ ಕೆಡುತ್ತವೆ.

```
K A M P L I = 2+1+4+7+3+9 = 26
Y E R R I S W A M Y = 7+5+9+9+9+1+5+1+4+7 = 57
```

ಮೊತ್ತ ಒಂದಂಕಿಗೆ ಇಳಿಯುವವರೆಗೆ ಅದರ ಅಂಕಿಗಳನ್ನು ಕೂಡಬೇಕು. 26 ಕೂಡಿದರೆ 8. 57 ಕೂಡಿದರೆ 12, ಮತ್ತೆ ಕೂಡಿದರೆ 3. ಎಂಟಕ್ಕೆ ಮೂರು ಸೇರಿಸಿದರೆ 11. ಇಲ್ಲಿಗೆ ನಿಲ್ಲಿಸಬೇಕು: 11, 22, 33 ಮಾಸ್ಟರ್ ಸಂಖ್ಯೆಗಳು, ಕೊನೆಯ ಉತ್ತರವಾಗಿ ಬಂದಾಗ ಅವನ್ನು ಒಂದಂಕಿಗೆ ಇಳಿಸುವುದಿಲ್ಲ. ಡೆಸ್ಟಿನಿ 11.

ಜನ ಎಡವುವುದು ಸೋಲ್ ಅರ್ಜ್‌ನಲ್ಲಿ. ಎ, ಇ, ಐ, ಓ, ಯು ಸ್ವರಗಳೆಂದು ಎಲ್ಲರಿಗೂ ಗೊತ್ತು. ವೈ ಮಾತ್ರ ಕೆಲವು ಕಡೆ ಸ್ವರ, ಕೆಲವು ಕಡೆ ವ್ಯಂಜನ. ಯರ್ರಿಸ್ವಾಮಿಯಲ್ಲಿ ಅದು ಎರಡು ಸಲ ಬಂದಿದೆ, ಎರಡರ ಕೆಲಸವೂ ಬೇರೆ.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸುವುದು ಸುಲಭ. ಹೆಸರನ್ನು ಕನ್ನಡದಲ್ಲಿ ಬರೆಯಿರಿ. ವೈ ಇರುವ ಜಾಗದಲ್ಲಿ ‘ಯ’ ಅಥವಾ ಯ-ಒತ್ತು ಕಂಡರೆ ವ್ಯಂಜನ. ಗುಡಿಸು ಕಂಡರೆ ಸ್ವರ. ‘ಯರ್ರಿ’ಯ ಮೊದಲಕ್ಷರ ಯಕಾರ, ಹಾಗಾಗಿ ಆ ವೈ ವ್ಯಂಜನ. ‘ಸ್ವಾಮಿ’ಯ ಕೊನೆಯಲ್ಲಿರುವುದು ‘ಮಿ’, ಹಾಗಾಗಿ ಆ ವೈ ಸ್ವರ. ಗಾಯತ್ರಿ, ಮಲ್ಲಯ್ಯ, ಜ್ಯೋತಿ ಹೆಸರುಗಳಲ್ಲಿ ವೈ ವ್ಯಂಜನವೇ. ‘ಸ್ವಾ’ದ ಡಬ್ಲ್ಯು ಕೂಡ ವ-ಒತ್ತು, ಅದೂ ವ್ಯಂಜನ. ವಿಜಯ್ ಥರದ ಹೆಸರಿನ ಕೊನೆಯ ವೈಯನ್ನು ಕೆಲವರು ಸ್ವರ ಎನ್ನುತ್ತಾರೆ; ಕನ್ನಡದ ಬಾಯಲ್ಲಿ ಅದು ‘ಯ್’ ಆಗಿರುವುದರಿಂದ ವ್ಯಂಜನ ಎಂದೇ ಹಿಡಿಯಿರಿ.

ಈಗ ಸ್ವರಗಳನ್ನು ಕೂಡಿ. ಕಂಪ್ಲಿಯಲ್ಲಿ 1+9, ಅಂದರೆ 10. ಯರ್ರಿಸ್ವಾಮಿಯಲ್ಲಿ 5+9+1 ಮತ್ತು ಕೊನೆಯ ವೈಯ 7, ಒಟ್ಟು 22. ಎರಡೂ ಸೇರಿ 32, ಕೂಡಿದರೆ 5. ಸೋಲ್ ಅರ್ಜ್ 5. ಎರಡೂ ವೈಯನ್ನು ವ್ಯಂಜನಕ್ಕೆ ತಳ್ಳಿದರೆ ಮೊತ್ತ 25 ಆಗಿ 7 ಬರುತ್ತದೆ. ಎರಡನ್ನೂ ಸ್ವರ ಮಾಡಿದರೆ 39 ಆಗಿ 12, ಕೊನೆಗೆ 3. ಒಂದೇ ಹೆಸರಿಗೆ ಮೂರು ಉತ್ತರ! ವೈ ಸ್ವರವೋ ವ್ಯಂಜನವೋ ಎಂದು ಕೇಳದೆ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳನ್ನು ಇಂಥ ಹೆಸರಿಗೆ ನಂಬಬೇಡಿ.

ತಾಳೆ ನೋಡಲು ವ್ಯಂಜನಗಳನ್ನೂ ಕೂಡಿ. ಕಂಪ್ಲಿಗೆ 16, ಯರ್ರಿಸ್ವಾಮಿಗೆ 35, ಸೇರಿ 51, ಅಂದರೆ 6. ಸ್ವರದ 32ಕ್ಕೆ ವ್ಯಂಜನದ 51 ಸೇರಿಸಿದರೆ 83. ಡೆಸ್ಟಿನಿಯ 26 ಮತ್ತು 57ರ ಮೊತ್ತವೂ 83. ಕೂಡಿದ್ದು ಸರಿ ಇದೆ. ಆದರೆ ಈ ತಾಳೆ ವೈ ತಪ್ಪನ್ನು ಹಿಡಿಯುವುದಿಲ್ಲ. ವೈ ಯಾವ ಸಾಲಿಗೆ ಹೋದರೂ ಒಟ್ಟು ಮೊತ್ತ ಅಷ್ಟೇ ಇರುತ್ತದೆ. ಅದಕ್ಕೇ ಅಂಕಿ ಹಾಕುವ ಮೊದಲೇ ಸ್ವರಗಳನ್ನು ಮೇಲಿನ ಸಾಲಿನಲ್ಲಿ, ವ್ಯಂಜನಗಳನ್ನು ಕೆಳಗಿನ ಸಾಲಿನಲ್ಲಿ ಬೇರೆ ಮಾಡಿಡಿ.

ಕಾಗುಣಿತವನ್ನೂ ಗಮನಿಸಿ. ಇದೇ ಹೆಸರನ್ನು ಮೊದಲ ವೈ ಇಲ್ಲದೆ ಎರ್ರಿಸ್ವಾಮಿ ಎಂದೂ ಬರೆಯುತ್ತಾರೆ. ಆಗ ವ್ಯಂಜನವೊಂದು ಹೋಗುವುದರಿಂದ ಸೋಲ್ ಅರ್ಜ್ 5 ಹಾಗೇ ಉಳಿಯುತ್ತದೆ. ಆದರೆ 83ರಲ್ಲಿ 7 ಕಳೆದು 76 ಆಗಿ, ಡೆಸ್ಟಿನಿ 11ರ ಬದಲು 4 ಆಗುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಜನನ ಪ್ರಮಾಣಪತ್ರದ ಕಾಗುಣಿತವನ್ನೇ ಲೆಕ್ಕಕ್ಕೆ ಹಿಡಿಯಿರಿ.