ವಿಮಾನ ಟಿಕೆಟ್ ನಿಜಕ್ಕೂ ಆಗಿದೆಯೇ? ನಂಬರ್ ನೋಡಿ ತಿಳಿಯುವುದು ಹೀಗೆ

ಏಜೆಂಟ್ ಒಂದು ಪಿಡಿಎಫ್ ಕಳಿಸುತ್ತಾರೆ. ಅದರಲ್ಲಿ ನಿಮ್ಮ ಹೆಸರು, ವಿಮಾನದ ನಂಬರ್, ದಿನಾಂಕ, ಪಕ್ಕದಲ್ಲಿ Confirmed ಎಂಬ ಪದ ಎಲ್ಲ ಇರುತ್ತದೆ. ಅಷ್ಟು ನೋಡಿ ಸುಮ್ಮನಾಗುವವರೇ ಜಾಸ್ತಿ. ಆದರೆ ಆ ಪದ ಹೇಳುವುದು ಸೀಟು ಸಿಕ್ಕಿದೆ ಎಂದಷ್ಟೇ. ದುಡ್ಡು ವಿಮಾನ ಕಂಪನಿಗೆ ಸೇರಿ ಟಿಕೆಟ್ ಇಶ್ಯೂ ಆಯಿತೇ ಎಂಬುದು ಬೇರೆ ಮಾತು. ಹಿಡಿದಿಟ್ಟ ಸೀಟಿಗೆ ಒಂದು ಗಡುವು ಇರುತ್ತದೆ. ಅಷ್ಟರೊಳಗೆ ಟಿಕೆಟ್ ಆಗದಿದ್ದರೆ ಸೀಟು ತಾನಾಗಿಯೇ ಬಿಟ್ಟುಹೋಗುತ್ತದೆ.

ಮೊದಲು ಬುಕ್ಕಿಂಗ್ ರೆಫರೆನ್ಸ್ ಹುಡುಕಿ. ಇದನ್ನೇ ಪಿಎನ್‌ಆರ್ ಅನ್ನುವುದು. ಸಾಮಾನ್ಯವಾಗಿ ಆರು ಅಕ್ಷರ, ಅಂಕಿ ಬೆರೆತಿರುತ್ತವೆ. ಏಜೆಂಟರ ಕಂಪ್ಯೂಟರ್ ಕೊಟ್ಟ ರೆಫರೆನ್ಸ್ ಬೇರೆ, ವಿಮಾನ ಕಂಪನಿಯದು ಬೇರೆ ಆಗಿರಬಹುದು. ಕಂಪನಿಯ ವೆಬ್‌ಸೈಟ್‌ನಲ್ಲಿ ‘ಬುಕ್ಕಿಂಗ್ ಸಿಗುತ್ತಿಲ್ಲ’ ಎಂದು ಬಂದರೆ ಗಾಬರಿ ಬೇಡ, Airline reference ಎಂದು ಬರೆದಿರುವುದನ್ನು ಹಾಕಿ ನೋಡಿ. ಅದು ತೆರೆದುಕೊಂಡರೂ ಟಿಕೆಟ್ ಆಗಿದೆ ಎಂದಲ್ಲ. ಬರೀ ಹಿಡಿದಿಟ್ಟ ಬುಕ್ಕಿಂಗ್ ಕೂಡ ಹಾಗೇ ತೆರೆದುಕೊಳ್ಳುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ನಿಮಗೆ ಬೇಕಾದ್ದು 13 ಅಂಕಿಗಳ ಇ-ಟಿಕೆಟ್ ನಂಬರ್. ಇಬ್ಬರ ಹೆಸರಿನ ಒಂದು ಕಾಗದ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ (ನಂಬರ್‌ಗಳು ಇಲ್ಲಿ ಉದಾಹರಣೆಗಾಗಿ ಮಾತ್ರ):

```
Booking ref: K7M2QX
Status:      HK2
Ticket no:   176-2412345678
```

HK2 ಅಂದರೆ ಇಬ್ಬರಿಗೆ ಸೀಟು ಖಚಿತವಾಗಿದೆ ಎಂದರ್ಥ. ಟಿಕೆಟ್ ಆಗುವ ಮುಂಚೆಯೂ ಅಲ್ಲಿ ಇದೇ ಇರುತ್ತದೆ, ಹಾಗಾಗಿ ಇದನ್ನು ನೆಚ್ಚಬೇಡಿ. ಕೊನೆಯ ಸಾಲು ನೋಡಿ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. 176 ಎಮಿರೇಟ್ಸ್, 098 ಏರ್ ಇಂಡಿಯಾ, 220 ಲುಫ್ತಾನ್ಸಾ. ನೀವು ಹತ್ತುವ ವಿಮಾನ ಬೇರೆ ಕಂಪನಿಯದಾಗಿದ್ದರೂ ತಪ್ಪೇನಿಲ್ಲ, ಒಬ್ಬರ ಟಿಕೆಟ್ ಮೇಲೆ ಇನ್ನೊಬ್ಬರ ವಿಮಾನ ಏರುವುದು ಮಾಮೂಲು. ಉಳಿದ ಹತ್ತು ಅಂಕಿ ಆ ಟಿಕೆಟ್‌ನ ಸ್ವಂತ ನಂಬರ್.

ಈ ಕಾಗದದಲ್ಲಿ ಒಂದು ಕೊರತೆ ಇದೆ, ಗಮನಿಸಿದಿರಾ? ಹೆಸರು ಎರಡು, ಟಿಕೆಟ್ ನಂಬರ್ ಒಂದೇ. ಪಿಎನ್‌ಆರ್ ಇಬ್ಬರಿಗೂ ಒಂದೇ ಇರಬಹುದು, ಟಿಕೆಟ್ ನಂಬರ್ ಮಾತ್ರ ತಲೆಗೊಂದು. ಮಡಿಲಲ್ಲಿ ಕೂರುವ ಮಗುವಿನ ಟಿಕೆಟ್‌ಗೂ ಬೇರೆ ನಂಬರ್ ಬರುತ್ತದೆ. ಅಂದರೆ ಇಲ್ಲಿ ಎರಡನೆಯವರ ಟಿಕೆಟ್ ಇನ್ನೂ ಆಗಿಲ್ಲದಿರಬಹುದು. ಈಗಲೇ ಏಜೆಂಟರನ್ನು ಕೇಳಿ.

ಇನ್ನೊಂದು ಮೋಸದ ಜಾಗವಿದೆ. ಸೀಟು ಆರಿಸಲು ಅಥವಾ ಹೆಚ್ಚಿನ ಲಗೇಜಿಗೆ ಕಟ್ಟಿದ ದುಡ್ಡಿಗೂ ಅದೇ ಮೂರಂಕಿಯಿಂದ ಶುರುವಾಗುವ 13 ಅಂಕಿಯ ರಸೀದಿ ಬರುತ್ತದೆ. ಅದು EMD, ಪ್ರಯಾಣದ ಟಿಕೆಟ್ ಅಲ್ಲ. ನಂಬರ್ ಮೇಲೆ ಏನು ಬರೆದಿದೆ ಎಂದು ಓದಿ. ಏಜೆಂಟರ ಇನ್‌ವಾಯ್ಸ್ ನಂಬರ್, ಆರ್ಡರ್ ಐಡಿ ಇವನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ವೀಸಾಕ್ಕೆಂದು ಅಗ್ಗಕ್ಕೆ ಮಾರುವ ‘ಟಿಕೆಟ್’ಗಳಲ್ಲಿ ಎಷ್ಟೋ ಇಂಥ ಹಿಡಿದಿಟ್ಟ ಬುಕ್ಕಿಂಗ್‌ಗಳೇ. ನನ್ನ ಪ್ರಕಾರ ಅವಕ್ಕೆ ದುಡ್ಡು ಕೊಡಬಾರದು.

ನಂಬರ್ ಸಿಕ್ಕಿತೇ? ಏಜೆಂಟರ ಪಿಡಿಎಫ್ ಬದಿಗಿಟ್ಟು ಕಂಪನಿಯ ವೆಬ್‌ಸೈಟ್‌ನಲ್ಲೇ ಬುಕ್ಕಿಂಗ್ ತೆರೆದು, ಅಲ್ಲೂ ಅದೇ ನಂಬರ್ ಇದೆಯೇ ನೋಡಿ. ಕಾಣದಿದ್ದರೆ ಫೋನ್ ಮಾಡಿ. ‘ನನ್ನ ಬುಕ್ಕಿಂಗ್ ಕನ್ಫರ್ಮ್ ಆಗಿದೆಯಾ?’ ಎಂದು ಕೇಳಿದರೆ ‘ಹೌದು’ ಅಂದುಬಿಡುತ್ತಾರೆ, ಅದು ಬರೀ ಸೀಟಿನ ಉತ್ತರ. ‘ಟಿಕೆಟ್ ಇಶ್ಯೂ ಆಗಿದೆಯಾ? ಕೂಪನ್ ಎಲ್ಲ ಓಪನ್ ಇವೆಯಾ?’ ಎಂದು ಕೇಳಿ. ಪ್ರತಿ ವಿಮಾನಕ್ಕೂ ಟಿಕೆಟ್‌ನಲ್ಲಿ ಒಂದೊಂದು ಕೂಪನ್ ಇರುತ್ತದೆ. ಅದರ ಎದುರು OPEN FOR USE ಇದ್ದರೆ ಬಳಸಬಹುದು. VOID ಅಥವಾ REFUNDED ಇದ್ದರೆ ನಂಬರ್ ನಿಜವಾದರೂ ಟಿಕೆಟ್ ಸತ್ತಂತೆ. ಇಶ್ಯೂ ಮಾಡಿದ ದಿನವೇ ಏಜೆಂಟರು ಟಿಕೆಟನ್ನು ವಾಯ್ಡ್ ಮಾಡಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಅದಕ್ಕೇ ಮಾರನೇ ದಿನ ಇನ್ನೊಮ್ಮೆ ನೋಡುವುದು ವಾಸಿ.

ಅಗ್ಗದ ದರದ ಕೆಲವು ಕಂಪನಿಗಳು 13 ಅಂಕಿಯ ನಂಬರನ್ನೇ ಕೊಡುವುದಿಲ್ಲ. ಅಲ್ಲಿ ಪಿಎನ್‌ಆರ್ ತೆರೆದು, ಕಟ್ಟಬೇಕಾದ ಬಾಕಿ ಸೊನ್ನೆ ಇದೆಯೇ ನೋಡಿದರೆ ಸಾಕು.

ಕಂಪನಿ ವಿಮಾನದ ಸಮಯ ಅಥವಾ ದಿನ ಬದಲಿಸಿದ್ದರೆ ಮತ್ತೆ ಪರೀಕ್ಷಿಸಿ. ಬುಕ್ಕಿಂಗ್‌ನಲ್ಲಿ ಹೊಸ ವಿಮಾನ ಬಂದಿರುತ್ತದೆ, ಟಿಕೆಟ್ ಮಾತ್ರ ಹಳೆಯದರ ಮೇಲೇ ನಿಂತಿರಬಹುದು. ಇ-ಟಿಕೆಟ್ ರಸೀದಿಯಲ್ಲಿರುವ ವಿಮಾನದ ನಂಬರ್, ದಿನಾಂಕ ಇವೆರಡರಲ್ಲಿ ಒಂದಾದರೂ ಬುಕ್ಕಿಂಗ್ ಜೊತೆ ತಾಳೆಯಾಗದಿದ್ದರೆ, ರೀಇಶ್ಯೂ ಮಾಡಿಸಿ ಹೊಸ ರಸೀದಿ ಕಳಿಸಲು ಹೇಳಿ. ಇದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ. ಮನೆಯಲ್ಲಿದ್ದಾಗಲೇ ಮುಗಿಸಿ.